300 ಜನರ ಗೃಹಪ್ರವೇಶದ ಊಟ: ಅಕ್ಕಿ ಎಷ್ಟು, ಎಲೆ ಎಷ್ಟು, ಬಡಿಸೋಕೆ ಎಷ್ಟು ಜನ?

ಪ್ರಶ್ನೆ: ಸರ್, ಬರೋ ತಿಂಗಳು ತುಮಕೂರಲ್ಲಿ ನಮ್ಮ ಹೊಸ ಮನೆ ಗೃಹಪ್ರವೇಶ. ಮಧ್ಯಾಹ್ನ ಬಾಳೆಎಲೆ ಊಟ, ಸುಮಾರು 300 ಜನ ಬರ್ತಾರೆ. ಮನೆ ಪಕ್ಕದ ಸೈಟಲ್ಲಿ ಶಾಮಿಯಾನ ಹಾಕಿಸ್ತೀವಿ, ಒಂದು ಪಂಕ್ತಿಗೆ 80 ಜನ ಕೂರಬಹುದು. ಅಡುಗೆ ಭಟ್ಟರು ಸಾಮಾನಿನ ಪಟ್ಟಿ ಕೊಟ್ಟಿದ್ದಾರೆ, ಅದರಲ್ಲಿ ಅಕ್ಕಿ 45 ಕೆಜಿ ಅಂತಿದೆ. ಇದು ಜಾಸ್ತಿ ಅಲ್ವಾ? ತರಕಾರಿ, ಎಲೆ, ತಟ್ಟೆ, ಬಡಿಸುವವರು ಎಷ್ಟು ಬೇಕು ಅನ್ನೋದನ್ನ ನಾವೇ ಲೆಕ್ಕ ಹಾಕೋದು ಹೇಗೆ?

ಉತ್ತರ: ಊಟಕ್ಕೆ ಮಾತ್ರ ಅಂತಾದರೆ 45 ಕೆಜಿ ಜಾಸ್ತಿಯೇ. 30 ಕೆಜಿ ಸಾಕು, ಮೇಲೆ 5 ಕೆಜಿ ಕೈಕಾವಲಿಗೆ ಇಟ್ಟುಕೊಳ್ಳಿ. ಆದರೆ ಭಟ್ಟರ ಜೊತೆ ಈ ವಿಷಯ ಮಾತಾಡುವ ಮೊದಲು ಒಂದು ಕೇಳಿ: ಆ 45ರಲ್ಲಿ ಬೆಳಗಿನ ತಿಂಡಿಯ ಇಡ್ಲಿ ಅಕ್ಕಿ ಸೇರಿದೆಯಾ? ಪೂಜೆಗೆ, ಕಲಶಕ್ಕೆ, ದಾನಕ್ಕೆ ಬೇಕಾದ ಅಕ್ಕಿ ಸೇರಿದೆಯಾ? ಪುರೋಹಿತರ ಪಟ್ಟಿಯಲ್ಲೂ ಅಕ್ಕಿ ಇರುತ್ತದೆ. ಎರಡು ಪಟ್ಟಿ ಒಂದಕ್ಕೊಂದು ಸೇರಿಕೊಂಡು ಲೆಕ್ಕ ದೊಡ್ಡದಾಗಿ ಕಾಣುವುದು ಬಹಳ ಮನೆಗಳಲ್ಲಿ ಆಗುತ್ತದೆ. ಹಾಗೇನೂ ಇಲ್ಲ ಅಂದರೆ, ಭಟ್ಟರು ಅನ್ನ ಸಾಲದೇ ಬಂದು ಹೆಸರು ಕೆಡದಿರಲಿ ಅಂತ ಮುಂಜಾಗ್ರತೆಗೆ ಬರೆದಿರುತ್ತಾರೆ. ಅವರನ್ನು ತಪ್ಪು ತಿಳಿಯಬೇಡಿ.

ಈಗ ಲೆಕ್ಕಕ್ಕೆ ಬರೋಣ. 300 ಅನ್ನುವ ಒಂದೇ ಸಂಖ್ಯೆಯಿಂದ ಎಲ್ಲವನ್ನೂ ಗುಣಿಸುತ್ತಾ ಹೋಗುವುದರಿಂದಲೇ ಹೆಚ್ಚುಕಮ್ಮಿ ಆಗುವುದು. ಅಕ್ಕಿ, ತರಕಾರಿಗೆ ಬೇಕಾದದ್ದು ಎಷ್ಟು ಹೊಟ್ಟೆ ಅನ್ನುವ ಲೆಕ್ಕ. ಎಲೆಗೆ ಬೇಕಾದದ್ದು ಎಷ್ಟು ಜನ ಕೂರುತ್ತಾರೆ ಅನ್ನುವ ಲೆಕ್ಕ. ಬಡಿಸುವವರಿಗೆ ಬೇಕಾದದ್ದು ಒಂದು ಪಂಕ್ತಿ ಎಷ್ಟು ದೊಡ್ಡದು ಅನ್ನುವ ಲೆಕ್ಕ. ಇವು ಮೂರೂ ಬೇರೆ ಬೇರೆ.

ಮೊದಲು ಕರೆದವರ ಪಟ್ಟಿ ಹಿಡಿದು ಕೂತು, ಪ್ರತಿ ಮನೆ ಎದುರು ಎಷ್ಟು ಜನ ಬರಬಹುದು ಅಂತ ಬರೆಯಿರಿ. ಮಕ್ಕಳನ್ನು ಪಕ್ಕದಲ್ಲಿ ಬೇರೆಯಾಗಿ ಬರೆಯಿರಿ. ಗೃಹಪ್ರವೇಶ ಯಾವಾಗಲೂ ಒಳ್ಳೆ ಮುಹೂರ್ತದ ದಿನವೇ ಇರುವುದರಿಂದ ಅದೇ ದಿನ ಊರಲ್ಲಿ ಇನ್ನೂ ನಾಲ್ಕು ಕಡೆ ಮದುವೆ, ಮುಂಜಿ ಇರುತ್ತದೆ. ವಾರದ ಮಧ್ಯದ ದಿನವಾದರೆ ಆಫೀಸಿಗೆ ಹೋಗುವವರು ಸಂಜೆ ಬಂದು ಹೋಗುತ್ತಾರೆ. ಅಂಥವರ ಹೆಸರು ಮಧ್ಯಾಹ್ನದ ಲೆಕ್ಕದಿಂದ ತೆಗೆಯಿರಿ. ಇಷ್ಟೆಲ್ಲ ಆದ ಮೇಲೂ 300 ಅಂತಲೇ ನಿಂತಿತು ಅಂದುಕೊಳ್ಳೋಣ. ಅದರಲ್ಲಿ ಹತ್ತು ವರ್ಷದೊಳಗಿನ ಮಕ್ಕಳು 45 ಅಂತಿಟ್ಟುಕೊಳ್ಳಿ.

ಮಗುವಿನದು ಅರ್ಧ ಊಟ. ಹಾಗಾಗಿ 255 ದೊಡ್ಡವರು, ಮಕ್ಕಳ ಲೆಕ್ಕ 22, ಒಟ್ಟು 277. ಇದಕ್ಕೆ ಯಾರೂ ಬರೆಯದ ಒಂದು ಸಾಲು ಸೇರಿಸಬೇಕು: ಅಡುಗೆಯವರು, ಬಡಿಸುವವರು, ಶಾಮಿಯಾನದವರು, ಫೋಟೋದವರು, ಡ್ರೈವರ್‌ಗಳು. ಇಂಥ ಕಾರ್ಯಕ್ಕೆ ಇವರೇ 20ರಿಂದ 25 ಜನ ಆಗುತ್ತಾರೆ. 23 ಅಂತ ಹಿಡಿದರೆ ಒಟ್ಟು 300 ಊಟ. ನಿಮ್ಮ ಸಂಖ್ಯೆಯೇ ವಾಪಸ್ ಬಂತು, ಆದರೆ ಅದು ಈಗ ನಂಬಬಹುದಾದ 300.

ಅಕ್ಕಿಗೆ ನಮ್ಮ ಕಡೆ ಅಡುಗೆಯವರು ಬಾಯಲ್ಲೇ ಹೇಳುವ ಲೆಕ್ಕ 100 ಜನಕ್ಕೆ 10 ಕೆಜಿ. ಹಬ್ಬದಡುಗೆಗೆ ಇದು ಸರಿಯಾಗಿಯೇ ಇದೆ, ಆದರೆ ಇದರೊಳಗೆ ಏನಿದೆ ಅಂತ ಗೊತ್ತಿರಬೇಕು. ತಲೆಗೆ ಸುಮಾರು 80 ಗ್ರಾಂ ಬಿಳಿ ಅನ್ನಕ್ಕೆ, 20 ಗ್ರಾಂ ಚಿತ್ರಾನ್ನಕ್ಕೆ. ನಿಮ್ಮ 300 ಊಟಕ್ಕೆ ಅನ್ನಕ್ಕೆ 24 ಕೆಜಿ, ಚಿತ್ರಾನ್ನಕ್ಕೆ 6 ಕೆಜಿ. ಹಳೆಯ ಸೋನಾ ಮಸೂರಿ ಒಂದು ಕೆಜಿ ಬೆಂದರೆ ಎರಡೂವರೆಯಿಂದ ಮೂರು ಕೆಜಿ ಅನ್ನ ಆಗುತ್ತದೆ. ಅಂದರೆ 24 ಕೆಜಿಗೆ ಸುಮಾರು 65 ಕೆಜಿ ಅನ್ನ, ಒಬ್ಬರಿಗೆ 200 ಗ್ರಾಂಗಿಂತ ಸ್ವಲ್ಪ ಮೇಲೆ. ಹುಳಿಗೆ ಒಮ್ಮೆ, ಸಾರಿಗೆ ಒಮ್ಮೆ, ಮೊಸರಿಗೆ ಒಮ್ಮೆ ಹಾಕಿಸಿಕೊಳ್ಳಲು ಇಷ್ಟು ಸಾಕು. ಹೊಸ ಅಕ್ಕಿಯಾದರೆ ಅನ್ನ ಕಡಿಮೆ ಒದಗುತ್ತದೆ, ಮುದ್ದೆಯೂ ಆಗುತ್ತದೆ. ಅಂಗಡಿಯಲ್ಲಿ ಹಳೆಯದು ಅಂತ ಹೇಳಿಯೇ ತನ್ನಿ. ಒಂದು ಪಾವು ತಂದು ಮನೆಯಲ್ಲಿ ಬೇಯಿಸಿ ನೋಡಿದರೆ ಇನ್ನೂ ಒಳ್ಳೆಯದು.

ಚಿತ್ರಾನ್ನದ ಬದಲು ಬಿಸಿಬೇಳೆಬಾತ್ ಅಥವಾ ವಾಂಗಿಬಾತ್ ಇಟ್ಟರೆ ಅದನ್ನು ಜನ ಜಾಸ್ತಿ ತಿನ್ನುತ್ತಾರೆ. ಅದಕ್ಕೆ 35 ಗ್ರಾಂ ಹಿಡಿಯಿರಿ, ಬಿಳಿ ಅನ್ನ 70ಕ್ಕೆ ಇಳಿಸಿ. ಒಟ್ಟು ಅಕ್ಕಿ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಬಗೆ ಹೆಚ್ಚಾದಷ್ಟೂ ಅನ್ನ ಕಡಿಮೆ ಖರ್ಚಾಗುತ್ತದೆ, ಇದನ್ನು ಮರೆಯಬೇಡಿ. ಅನ್ನ, ಸಾರು, ಒಂದು ಪಲ್ಯ ಮಾತ್ರ ಇರುವ ಊಟಕ್ಕೆ ಅದೇ ಜನ 150 ಗ್ರಾಂ ಅಕ್ಕಿಯ ಅನ್ನ ಉಣ್ಣುತ್ತಾರೆ. ನಿಮ್ಮ ಭಟ್ಟರ 45 ಕೆಜಿ ಬಂದಿರುವುದು ಬಹುಶಃ ಆ ಲೆಕ್ಕದಿಂದ. ಹಳ್ಳಿಯಲ್ಲಿ ದೇವರ ಕಾರ್ಯಕ್ಕೆ ಅಡುಗೆ ಮಾಡಿದವರಿಗೆ ಅದೇ ರೂಢಿಯಾಗಿರುತ್ತದೆ.

25 ಕೆಜಿಯ ಒಂದು ಚೀಲ, 5 ಕೆಜಿಯ ಎರಡು ಪ್ಯಾಕೆಟ್ ತನ್ನಿ. ಒಡೆಯದ ಪ್ಯಾಕೆಟ್ ವಾಪಸ್ ತಗೋತೀರಾ ಅಂತ ಅಂಗಡಿಯವರನ್ನು ಮೊದಲೇ ಕೇಳಿಕೊಳ್ಳಿ.

ಇನ್ನು ಬೇಯಿಸುವ ರೀತಿ. ಅನ್ನವನ್ನು ಒಂದೇ ಸಲ ಮಾಡಿಸಬೇಡಿ. 5 ಕೆಜಿಯ ಒಂದೊಂದು ಪಾತ್ರೆಯಂತೆ ಮಾಡಿಸಿ. ಎಸರು ಕುದಿಯುತ್ತಾ ಇದ್ದರೆ ಅಕ್ಕಿ ಹಾಕಿ ಅರ್ಧ ಗಂಟೆಯಲ್ಲಿ ಅನ್ನ ಸಿದ್ಧ. ಮೊದಲ ಪಂಕ್ತಿ ಕೂರುವಾಗ ಎರಡು ಪಾತ್ರೆ ತಯಾರಿರಲಿ, ಮೂರನೆಯದು ಒಲೆ ಮೇಲಿರಲಿ. ಹೀಗೆ ಮಾಡಿದರೆ ಕೊನೆಯ ಪಂಕ್ತಿಯವರಿಗೂ ಬಿಸಿ ಅನ್ನ ಸಿಗುತ್ತದೆ. ಅಷ್ಟೇ ಅಲ್ಲ, ಲೆಕ್ಕ ತಪ್ಪಿದೆಯಾ ಇಲ್ಲವಾ ಅನ್ನುವುದು ಮೊದಲ ಪಂಕ್ತಿಯಲ್ಲೇ ಗೊತ್ತಾಗಿಬಿಡುತ್ತದೆ. 80 ಜನಕ್ಕೆ 80 ಗ್ರಾಂನಂತೆ 6.4 ಕೆಜಿ ಅಕ್ಕಿಯ ಅನ್ನ ಹೋಗಬೇಕು. ಅಂದರೆ ಮೊದಲ ಪಾತ್ರೆ ಖಾಲಿ, ಎರಡನೆಯದರಲ್ಲಿ ಮುಕ್ಕಾಲು ಭಾಗಕ್ಕೆ ಹತ್ತಿರ ಉಳಿದಿರಬೇಕು. ಅಷ್ಟಿದ್ದರೆ ನೆಮ್ಮದಿಯಾಗಿರಿ. ಎರಡನೆಯದೂ ಅರ್ಧಕ್ಕೆ ಬಂದಿದ್ದರೆ ಜನ ತಲೆಗೆ 94 ಗ್ರಾಂನಂತೆ ಉಂಡಿದ್ದಾರೆ ಅಂತ ಅರ್ಥ. ಹಾಗಾದರೆ ಕೊನೆಗೆ 28 ಕೆಜಿ ಬೇಕಾಗುತ್ತದೆ. ಕೈಕಾವಲಿನ 5 ಕೆಜಿ ಇರುವುದು ಇದಕ್ಕೇ. ಆಗಲೇ ಭಟ್ಟರಿಗೆ ಹೇಳಿ, ಇನ್ನೂ ಎರಡು ಗಂಟೆ ಸಮಯ ಇರುತ್ತದೆ.

ಒಂದು ಮಾತು ಸೇರಿಸುತ್ತೇನೆ. ಈ 10 ಕೆಜಿ ಲೆಕ್ಕವನ್ನು 50 ಜನರ ಕಾರ್ಯಕ್ಕೆ ಹಾಗೇ ಅರ್ಧ ಮಾಡಬೇಡಿ, ಆಗ 6 ಕೆಜಿ ಹಿಡಿಯಿರಿ. ಜನ ಕಡಿಮೆ ಇದ್ದಾಗ ಒಂದಿಬ್ಬರು ಚೆನ್ನಾಗಿ ಉಂಡರೂ ಪಾತ್ರೆ ಅಲ್ಲಾಡುತ್ತದೆ. 500 ದಾಟಿದರೆ 100ಕ್ಕೆ 9 ಕೆಜಿ ಸಾಕು.

ತರಕಾರಿಯಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಹೆಚ್ಚಿದ ತೂಕ ಬೇರೆ, ಮಾರ್ಕೆಟ್‌ನ ತೂಕ ಬೇರೆ. ಎರಡು ಪಲ್ಯ ಇದ್ದರೆ ಒಂದೊಂದಕ್ಕೆ ತಲೆಗೆ 35 ಗ್ರಾಂ ಹೆಚ್ಚಿದ ತರಕಾರಿ ಸಾಕು, ಅಂದರೆ 300ಕ್ಕೆ ಹತ್ತೂವರೆ ಕೆಜಿ. ಹುರುಳಿಕಾಯಿ ತುದಿ, ನಾರು ತೆಗೆದರೆ ಹತ್ತರಲ್ಲಿ ಒಂದು ಪಾಲು ಹೋಗುತ್ತದೆ, ಹಾಗಾಗಿ 12 ಕೆಜಿ ತನ್ನಿ. ಎಲೆಕೋಸಿನಲ್ಲಿ ಮೇಲಿನ ಎಲೆ, ದಿಂಡು ಹೋದರೆ ನಷ್ಟ ಜಾಸ್ತಿ, 13 ಕೆಜಿ ಬೇಕು. ಹುಳಿಗೆ ಸಿಹಿಕುಂಬಳಕಾಯಿ ಅಂದುಕೊಳ್ಳಿ. ತಲೆಗೆ 40 ಗ್ರಾಂನಂತೆ ಹೆಚ್ಚಿದ ಹೋಳು 12 ಕೆಜಿ ಬೇಕು. ಸಿಪ್ಪೆ, ತಿರುಳು, ಬೀಜ ಸೇರಿ ಕಾಲು ಭಾಗ ಹೋಗುವುದರಿಂದ 16 ಕೆಜಿ ಕಾಯಿ ತರಬೇಕು. ಅವರೆಕಾಯಿ ಕಾಲದಲ್ಲಿ ಅವರೆಕಾಳಿನ ಹುಳಿ ಆಸೆಯಾದರೆ ಹುಷಾರು: ಕಾಯಿ ತೂಕದ ಅರ್ಧಕ್ಕಿಂತ ಕಡಿಮೆ ಕಾಳು ಸಿಗುತ್ತದೆ. ಬಿಡಿಸೋಕೆ ಹಿಂದಿನ ದಿನ ಮನೆಮಂದಿಯೆಲ್ಲ ಕೂರಬೇಕು. ಸೌತೆಕಾಯಿ, ಟೊಮೆಟೊ, ಕ್ಯಾರೆಟ್, ಮೆಣಸಿನಕಾಯಿ ಎಲ್ಲ ಸೇರಿ ಒಟ್ಟು ತರಕಾರಿ ತಲೆಗೆ 200 ಗ್ರಾಂ ಹತ್ತಿರ ಬಂದರೆ ಪಟ್ಟಿ ಸರಿ ಇದೆ ಅನ್ನಬಹುದು. 300ಕ್ಕೆ 60 ಕೆಜಿ. ಭಟ್ಟರ ಪಟ್ಟಿಯಲ್ಲಿ ಇದು 90 ಅಂತಿದ್ದರೆ ಯಾವ ಅಡುಗೆಗೆ ಎಷ್ಟು ಅಂತ ಒಂದೊಂದಾಗಿ ಕೇಳಿ.

ತರಕಾರಿ ಹಿಂದಿನ ಸಂಜೆ ಬರಲಿ, ರಾತ್ರಿಯೇ ಹೆಚ್ಚಲಿ. ಸೊಪ್ಪು, ಕೊತ್ತಂಬರಿ ಬೆಳಗ್ಗೆ. ಕೋಸಂಬರಿ ಬಗ್ಗೆ ಮಾತ್ರ ನೀವೇ ನಿಂತು ನೋಡಿ. 3 ಕೆಜಿ ಹೆಸರುಬೇಳೆ ನೆನೆಹಾಕಿ, 6 ಕೆಜಿ ಸೌತೆಕಾಯಿ ಹೆಚ್ಚಿ ಇಟ್ಟಿರುತ್ತಾರೆ. ಕೆಲಸ ಮುಗಿಯಲಿ ಅಂತ ಹತ್ತು ಗಂಟೆಗೇ ಉಪ್ಪು, ಕಾಯಿತುರಿ ಕಲಸಿಬಿಟ್ಟರೆ ಹನ್ನೆರಡಕ್ಕೆ ಪಾತ್ರೆ ತಳದಲ್ಲಿ ನೀರು ನಿಂತಿರುತ್ತದೆ. ಎಲೆ ಮೇಲೆ ಹಾಕಿದ ಕೂಡಲೇ ಆ ನೀರು ಪಲ್ಯದ ಕಡೆ ಹರಿಯುತ್ತದೆ. ಶಾಮಿಯಾನದ ಸೆಕೆಗೆ ಕಾಯಿತುರಿಯೂ ಹಳಸುತ್ತದೆ. ಪ್ರತಿ ಪಂಕ್ತಿಗೆ ಬೇಕಾದಷ್ಟನ್ನು ಮಾತ್ರ ಆಗಾಗ ಕಲಸಬೇಕು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ತೊಗರಿಬೇಳೆ ಹುಳಿಗೆ 6 ಕೆಜಿ, ಸಾರಿಗೆ ಒಂದೂವರೆ. ತೆಂಗಿನಕಾಯಿ 40. ಮೊಸರು 20 ಲೀಟರ್, ಬೇಸಿಗೆಯಾದರೆ ಮಜ್ಜಿಗೆಗೆ ಅಂತ ಇನ್ನೈದು. ತುಪ್ಪ 2 ಕೆಜಿ. ಹೋಳಿಗೆ ಹೊರಗಿಂದ ತರಿಸುವುದಾದರೆ 375. ಪಾಯಸ 25 ಲೀಟರ್ ಸಾಕು, ಹೋಳಿಗೆ ಇದ್ದಾಗ ಪಾಯಸವನ್ನು ಯಾರೂ ಎರಡನೇ ಸಲ ಕೇಳುವುದಿಲ್ಲ.

ಹುಳಿ 40 ಲೀಟರ್ ಅಂತ ಭಟ್ಟರು ಹೇಳುತ್ತಾರೆ, ಅದು ಸರಿ. ಆದರೆ ಅದು ಸಾಕಾಗುತ್ತದೋ ಇಲ್ಲವೋ ಅನ್ನುವುದು ಸೌಟಿನ ಮೇಲೆ ನಿಂತಿದೆ. ಪಾತ್ರೆ ಬಾಡಿಗೆ ಅಂಗಡಿಯಿಂದ ಬರುವ ಸೌಟುಗಳು ಒಂದೇ ಅಳತೆಯವಲ್ಲ. ಒಂದರಲ್ಲಿ 100 ಎಂಎಲ್ ಹಿಡಿದರೆ ಇನ್ನೊಂದರಲ್ಲಿ 150 ಹಿಡಿಯುತ್ತದೆ. ಮೊದಲ ಸುತ್ತಿನಲ್ಲೇ ಎಲ್ಲರಿಗೂ ದೊಡ್ಡ ಸೌಟಿನಲ್ಲಿ ಹಾಕಿದರೆ 45 ಲೀಟರ್ ಹೋಯಿತು, ಅಂದರೆ ಮಾಡಿದ್ದಕ್ಕಿಂತ ಜಾಸ್ತಿ. ಎರಡನೇ ಸಲ ಕೇಳಿದವರಿಗೆ ಏನೂ ಇಲ್ಲ, ಮೊದಲು ಹಾಕಿಸಿಕೊಂಡವರ ಎಲೆಯಿಂದ ಹುಳಿ ಹರಿದು ಮೇಜಿನ ಪೇಪರ್ ನೆನೆದಿರುತ್ತದೆ. ಸಾಮಾನು ಬಂದ ರಾತ್ರಿ ಒಂದು ಲೋಟದಲ್ಲಿ ನೀರು ಅಳೆದು ಸೌಟು ನೋಡಿಬಿಡಿ, ಸಣ್ಣವನ್ನು ಮಾತ್ರ ಬಕೆಟ್‌ಗಳಿಗೆ ಹಾಕಿಸಿ. ಕಡಿಮೆ ಬಡಿಸಿ, ಎರಡು ಸಲ ವಿಚಾರಿಸುವುದು ಉಣ್ಣುವವರಿಗೂ ಮರ್ಯಾದೆ.

ಎಲೆಗೆ ಬರೋಣ. ಇಲ್ಲಿ ಮಗುವಿಗೆ ಅರ್ಧ ಎಲೆ ಅಂತ ಇಲ್ಲ, ಕೂತವರಿಗೆಲ್ಲ ಒಂದೊಂದು. 300 ಅತಿಥಿಗಳು, 23 ಕೆಲಸದವರು, ಒಟ್ಟು 323. ಕಟ್ಟಿನಲ್ಲಿ ಹರಿದವು, ಕಿರಿದಾದವು ಹತ್ತಕ್ಕೊಂದು ಇದ್ದೇ ಇರುತ್ತವೆ. ಹಾಗಾಗಿ 360 ಎಲೆ ಹೇಳಿ. ಎಣಿಸಿ ಇಳಿಸಿಕೊಳ್ಳಿ. ಕೊನೆಗೆ ಉಳಿದವನ್ನು, ಹರಿದವನ್ನು ಕಳೆದರೆ ಎಷ್ಟು ಜನ ಉಂಡರು ಅನ್ನುವ ನಿಜವಾದ ಲೆಕ್ಕ ಸಿಗುತ್ತದೆ. ಪಾಯಸಕ್ಕೆ ದೊನ್ನೆ 350, ನೀರಿಗೆ ಲೋಟ 700. ಲೋಟ ಮಾತ್ರ ಒಬ್ಬರಿಗೆ ಎರಡು ಹಿಡಿಯಲೇಬೇಕು, ಊಟಕ್ಕೆ ಮೊದಲು ಪಾನಕಕ್ಕೂ ಅವೇ ಹೋಗುತ್ತವೆ.

ತಟ್ಟೆ ಬೇಕಾಗುವುದು ಬೆಳಗಿನ ತಿಂಡಿಗೆ. ಗೃಹಪ್ರವೇಶಕ್ಕೆ ಬೆಳಗ್ಗೆ ಬರುವವರು ಹತ್ತಿರದ ನೆಂಟರು, ಅಕ್ಕಪಕ್ಕದವರು, ನಿಮ್ಮ ಪಟ್ಟಿಯಲ್ಲಿ ಮೂರನೇ ಒಂದು ಭಾಗ. 100 ಜನ ಅಂದುಕೊಂಡು ಅಡಿಕೆ ಹಾಳೆ ತಟ್ಟೆ 130 ತನ್ನಿ, ಕೆಲಸದವರೂ ಅದರಲ್ಲೇ ತಿನ್ನುತ್ತಾರೆ. ಸ್ಟೀಲ್ ತಟ್ಟೆ ಬಾಡಿಗೆಗೆ ತರುವುದಾದರೆ ಲೆಕ್ಕವೇ ಬೇರೆ: ಒಟ್ಟು ಜನ ಬೇಡ, ಒಂದು ಗಂಟೆಯಲ್ಲಿ ಎಷ್ಟು ಜನ ತಿನ್ನುತ್ತಾರೆ ಅನ್ನುವುದು ಬೇಕು. ತೊಳೆದು ಒರೆಸಿ ವಾಪಸ್ ಬರಲು ಅಷ್ಟು ಹೊತ್ತು ಬೇಕು. ತೊಳೆಯೋಕೆ ಇಬ್ಬರು, ನೀರಿನ ವ್ಯವಸ್ಥೆಯೂ ಬೇಕು. ಹೊಸ ಮನೆಯ ಸಂಪಿನಲ್ಲಿ ಅಷ್ಟು ನೀರಿದೆಯಾ ನೋಡಿಕೊಳ್ಳಿ.

ಕೊನೆಗೆ ಬಡಿಸುವವರು. ಇಲ್ಲಿ 300ನ್ನು ಪೂರ್ತಿ ಮರೆತುಬಿಡಿ. ನಿಮ್ಮ ಪಂಕ್ತಿ 80 ಎಲೆ, ಅದೇ ಲೆಕ್ಕ. ಒಬ್ಬರು ಒಂದು ಎಲೆಗೆ ಅನ್ನ ಬಡಿಸಿ ಮುಂದೆ ಹೋಗಲು ಏಳೆಂಟು ಸೆಕೆಂಡ್ ಹಿಡಿಯುತ್ತದೆ. ಒಬ್ಬರೇ 80 ಎಲೆ ಸುತ್ತಿದರೆ ಹತ್ತು ನಿಮಿಷ ದಾಟುತ್ತದೆ. ಅಷ್ಟರಲ್ಲಿ ಮೊದಲ ಎಲೆಯವರು ಅನ್ನ ಮುಗಿಸಿ ತಲೆಯೆತ್ತಿ ನೋಡುತ್ತಿರುತ್ತಾರೆ, ಕೊನೆಯವರು ಇನ್ನೂ ಕೋಸಂಬರಿ ನೆಕ್ಕುತ್ತಾ ಕೂತಿರುತ್ತಾರೆ. ಇಬ್ಬರಾದರೆ ಐದು ನಿಮಿಷ, ಅದು ಯಾರಿಗೂ ಬೇಸರವಾಗದ ಹೊತ್ತು. ಹಾಗಾಗಿ ಅನ್ನಕ್ಕೆ ಇಬ್ಬರು, ಅವರ ಬೆನ್ನಿಗೇ ಹುಳಿ, ಸಾರಿಗೆ ಇಬ್ಬರು. ಪಲ್ಯ, ಕೋಸಂಬರಿ, ಉಪ್ಪಿನಕಾಯಿ ಜನ ಕೂರುವ ಮೊದಲೇ ಎಲೆ ಮೇಲೆ ಬಿದ್ದಿರುವುದರಿಂದ ಮತ್ತೆ ವಿಚಾರಿಸೋಕೆ ಒಬ್ಬರು ಸಾಕು. ಹೋಳಿಗೆ, ಹಪ್ಪಳಕ್ಕೆ ಒಬ್ಬರು, ತುಪ್ಪ, ಪಾಯಸಕ್ಕೆ ಒಬ್ಬರು, ನೀರಿಗೆ ಒಬ್ಬರು. ಎಂಟಾಯಿತು. ಒಟ್ಟಿನಲ್ಲಿ ಹತ್ತು ಎಲೆಗೆ ಒಬ್ಬರು ಅಂತ ನೆನಪಿಟ್ಟುಕೊಳ್ಳಿ.

ಇವರಲ್ಲದೆ ಎಲೆ ತೆಗೆದು ಮೇಜು ಒರೆಸಿ ಪೇಪರ್ ಹಾಸೋಕೆ ಮೂವರು ಬೇರೆ ಬೇಕು. ಬಡಿಸುವವರಿಗೇ ಇದನ್ನೂ ಮಾಡಿ ಅಂದರೆ ಆಗುವುದಿಲ್ಲ, ಮಾಡಿಸಲೂ ಬಾರದು. ಒಲೆ ಹತ್ತಿರ ನಿಂತು ಬಕೆಟ್ ತುಂಬಿಕೊಡಲು ಒಬ್ಬರು. ಅಲ್ಲಿಗೆ ಹನ್ನೆರಡು ಜನ. ಬಕೆಟ್ ತುಂಬುವವರನ್ನು ಜನ ಬಿಟ್ಟುಬಿಡುತ್ತಾರೆ. ಆಮೇಲೆ ಬಡಿಸುವ ನಾಲ್ವರು ಖಾಲಿ ಬಕೆಟ್ ಹಿಡಿದು ಒಂದೇ ಕೊಪ್ಪರಿಗೆ ಸುತ್ತ ಕಾಯುತ್ತಾರೆ, ಪಂಕ್ತಿಯಲ್ಲಿ ಯಾರೂ ಇರುವುದಿಲ್ಲ.

ಒಂದು ಪಂಕ್ತಿ ಉಂಡು ಏಳಲು ಅರ್ಧ ಗಂಟೆ, ಮೇಜು ಸಿದ್ಧವಾಗಲು ಹತ್ತು ನಿಮಿಷ. 300 ಅತಿಥಿಗಳಿಗೆ ನಾಲ್ಕು ಪಂಕ್ತಿ. ಹನ್ನೆರಡೂವರೆಗೆ ಶುರುವಾದರೆ ಮೂರು ಗಂಟೆಗೆ ಅತಿಥಿಗಳದ್ದು ಮುಗಿಯುತ್ತದೆ, ಆಮೇಲೆ ಕೆಲಸದವರ ಪಂಕ್ತಿ. ಇದು ತಡ ಅನಿಸಿದರೆ ಶಾಮಿಯಾನ ಇನ್ನೊಂದು ಅಂಕಣ ಹೆಚ್ಚಿಸಿ 100 ಎಲೆ ಮಾಡಿ. ಮೂರೇ ಪಂಕ್ತಿಗೆ, ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಯುತ್ತದೆ. ಆದರೆ ಬಡಿಸುವವರು ಹತ್ತು ಜನ ಆಗಬೇಕು, ಮೊದಲ ಪಂಕ್ತಿ ಕೂರುವಾಗ ಅನ್ನದ ಮೂರನೇ ಪಾತ್ರೆಯೂ ಇಳಿದಿರಬೇಕು. ಮೇಜು ಹೆಚ್ಚಿಸಿ ಜನ ಹೆಚ್ಚಿಸದಿದ್ದರೆ ಪಂಕ್ತಿ ಅರ್ಧ ಗಂಟೆಯಲ್ಲಿ ಏಳುವುದಿಲ್ಲ, ಉಳಿಸಿದ ಸಮಯ ಅಲ್ಲೇ ಹೋಗುತ್ತದೆ. ನನ್ನನ್ನು ಕೇಳಿದರೆ 80ರ ಪಂಕ್ತಿಯೇ ಇರಲಿ, ವಯಸ್ಸಾದವರನ್ನು, ದೂರದ ಊರಿಗೆ ಬಸ್ ಹಿಡಿಯುವವರನ್ನು ಮೊದಲೇ ಕೂರಿಸಿ.

ಜನ ಅಂದಾಜಿಗಿಂತ ಜಾಸ್ತಿ ಬಂದರೆ ಅಂತ ಎಲ್ಲದಕ್ಕೂ ಹತ್ತರಲ್ಲಿ ಒಂದು ಪಾಲು ಸೇರಿಸಬೇಡಿ. ಪಲ್ಯ, ಹೋಳಿಗೆ ಉಳಿದರೆ ವ್ಯರ್ಥ. ಬೇಗ ಬೆಳೆಸಬಹುದಾದದ್ದು ಅನ್ನ, ಸಾರು, ಮಜ್ಜಿಗೆ. ಅದಕ್ಕೆ ಬೇಕಾದದ್ದನ್ನು ಮಾತ್ರ ಬೇಯಿಸದೆ ಇಟ್ಟಿರಿ: ಆ 5 ಕೆಜಿ ಅಕ್ಕಿ, ಒಂದು ಕೆಜಿ ಬೇಳೆ, 3 ಕೆಜಿ ಟೊಮೆಟೊ, 5 ಲೀಟರ್ ಮೊಸರು, ಸಾರಿನ ಪುಡಿ. ಇದರಿಂದ ಮುಕ್ಕಾಲು ಗಂಟೆಯೊಳಗೆ ಇನ್ನೂ 50 ಜನಕ್ಕೆ ಊಟ ಹಾಕಬಹುದು. ಮನೆಯವರಲ್ಲಿ ಒಬ್ಬರಿಗೆ, ಪೂಜೆಗೆ ಕೂರದವರಿಗೆ, ಎರಡನೇ ಪಂಕ್ತಿ ಏಳುವಾಗ ಎರಡು ಕಡೆ ನೋಡಿ ಬರಲು ಹೇಳಿ. ಒಂದು, ಗೇಟಿನ ಹತ್ತಿರ ಇನ್ನೂ ಎಷ್ಟು ಜನ ಇದ್ದಾರೆ. ಇನ್ನೊಂದು, ತೆಗೆದ ಎಲೆಗಳಲ್ಲಿ ಏನು ಉಳಿದಿದೆ. ಎಲೆಗಳಲ್ಲಿ ಅನ್ನದ ಗುಡ್ಡೆ ಕಂಡರೆ ಅಡುಗೆ ಕೆಟ್ಟಿಲ್ಲ, ಕೈ ದೊಡ್ಡದಾಗಿದೆ. ಬಡಿಸುವವರಿಗೆ ಹೇಳಿದರೆ ಸಾಕು. ಎಲೆ ಒರೆಸಿದಂತೆ ಖಾಲಿ ಇದ್ದು, ಗೇಟಿನಲ್ಲಿ ಇನ್ನೂ ಎರಡು ಪಂಕ್ತಿಗಿಂತ ಜಾಸ್ತಿ ಜನ ನಿಂತಿದ್ದರೆ ಆ ಕ್ಷಣವೇ ಎಸರಿಡಲು ಹೇಳಿ.